ಪ್ಲಗ್ ಒಳಗೆ ಹೋಗದ ನಾಲ್ಕನೆಯ ಪೀಸು: ಇಬ್ಬರಲ್ಲಿ ಒಬ್ಬರನ್ನು ಆರಿಸಿದ ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಮಷೀನಿಂಗ್ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಹೊಣೆ ನನ್ನದು. ಪಂಪ್ ತಯಾರಕರಿಗೆ ಸ್ಲೀವ್, ಬುಶ್, ಪಿನ್‌ಗಳನ್ನು ಮಾಡಿಕೊಡುವುದು ನಮ್ಮ ಮುಖ್ಯ ಕೆಲಸ. ಎರಡನೆಯ ಶಿಫ್ಟಿಗೆ ಒಬ್ಬ ಲೈನ್ ಇನ್‌ಸ್ಪೆಕ್ಟರ್ ಬೇಕಾದಾಗ ಕೊನೆಯ ಸುತ್ತಿಗೆ ಇಬ್ಬರು ಉಳಿದರು. ಒಬ್ಬರು ಹೊಸೂರಿನ ದೊಡ್ಡ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದವರು; ಮಾತು, ಕಾಗದಪತ್ರ, ಆತ್ಮವಿಶ್ವಾಸ ಎಲ್ಲದರಲ್ಲೂ ಪಳಗಿದವರು. ಇನ್ನೊಬ್ಬರು ಗದಗದವರು, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಒಂದು ಸಣ್ಣ ಜಾಬ್‌ ಶಾಪಿನಲ್ಲಿ ಟ್ರ್ಯಾಕ್ಟರ್ ಪಿನ್‌ಗಳನ್ನು ಅಳೆಯುತ್ತಿದ್ದವರು, ಮಾತಿಗಿಂತ ಮೌನವೇ ಹೆಚ್ಚು. ಇವರಿಬ್ಬರಲ್ಲಿ ಒಬ್ಬರನ್ನು ನಾನು ಹೇಗೆ ಆರಿಸಿದೆ, ಯಾವ ಆಧಾರದ ಮೇಲೆ ಆರಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರ ಗುರುತೂ ಬೇಡವಾದ್ದರಿಂದ ಊರಿನ ಹೆಸರಿನಿಂದಲೇ ಅವರನ್ನು ಕರೆಯುತ್ತೇನೆ.

ಮೊದಲು ಆ ಕೆಲಸ ಎಂಥದ್ದು ಎಂದು ಹೇಳಬೇಕು, ಏಕೆಂದರೆ ತೀರ್ಮಾನ ನಿಂತದ್ದೇ ಅದರ ಮೇಲೆ. ಮೊದಲ ಶಿಫ್ಟಿನಲ್ಲಿ ನಾನಿರುತ್ತೇನೆ, ಹಿರಿಯ ಇನ್‌ಸ್ಪೆಕ್ಟರ್ ಇರುತ್ತಾರೆ, ಪ್ರೊಡಕ್ಷನ್ ಮ್ಯಾನೇಜರ್ ಇರುತ್ತಾರೆ. ಸಂದೇಹ ಬಂದರೆ ಕೇಳಲು ಜನರಿದ್ದಾರೆ. ಎರಡನೆಯ ಶಿಫ್ಟಿನ ಇನ್‌ಸ್ಪೆಕ್ಟರ್‌ಗೆ ಆ ಅನುಕೂಲವಿಲ್ಲ. ಸೆಟ್ಟರ್ ಟೂಲ್ ಬದಲಿಸಿ ಫಸ್ಟ್ ಪೀಸ್ ತಂದು ಮೇಜಿನ ಮೇಲಿಟ್ಟಾಗ, ಅದು ಸರಿ ಇದೆ ಎಂದು ಸಹಿ ಹಾಕಿದರೆ ಮಷೀನ್ ಓಡುತ್ತದೆ, ಹಾಕದಿದ್ದರೆ ನಿಲ್ಲುತ್ತದೆ. ಆ ಸಹಿ ತಪ್ಪಾದರೆ ಬೆಳಗಾಗುವಷ್ಟರಲ್ಲಿ ಒಂದು ಇಡೀ ಲಾಟ್ ರಿಜೆಕ್ಟ್ ಆಗಿರುತ್ತದೆ; ಅನಗತ್ಯವಾಗಿ ನಿಲ್ಲಿಸಿದರೆ ಮಷೀನ್ ಮತ್ತು ಆಪರೇಟರ್ ಇಬ್ಬರೂ ಸುಮ್ಮನೆ ಕೂತಿರುತ್ತಾರೆ. ಹೀಗೆ, ಒಬ್ಬರೇ ಇದ್ದಾಗ ಅಳತೆಯನ್ನು ನಂಬಬೇಕೋ ಬೇಡವೋ ಎಂದು ನಿರ್ಧರಿಸುವುದೇ ಈ ಹುದ್ದೆಯ ತಿರುಳು. ವರದಿ ಬರೆಯುವುದು, ಗ್ರಾಹಕರೊಂದಿಗೆ ಮಾತನಾಡುವುದು, ಚಾರ್ಟ್ ತುಂಬುವುದು ಎಲ್ಲ ಇದರಲ್ಲಿವೆ, ಆದರೆ ಅವು ಎರಡನೆಯ ಸಾಲಿನವು. ಅಭ್ಯರ್ಥಿಗಳನ್ನು ಕರೆಯುವ ಮೊದಲೇ ಇದನ್ನು ಒಂದು ಹಾಳೆಯಲ್ಲಿ ಬರೆದು, ಯಾವುದಕ್ಕೆ ಎಷ್ಟು ತೂಕ ಎಂದು ಹಿರಿಯ ಇನ್‌ಸ್ಪೆಕ್ಟರ್ ಜೊತೆ ಕೂತು ತೀರ್ಮಾನಿಸಿದ್ದೆ. ಅಭ್ಯರ್ಥಿಯ ಮುಖ ನೋಡಿದ ಮೇಲೆ ತೂಕ ಹಾಕಲು ಹೊರಟರೆ, ಯಾರು ಇಷ್ಟವಾದರೋ ಅವರ ಬಲವೇ ಮುಖ್ಯವಾದ ಬಲ ಎಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ.

ಪಳಗಿದ ಅಭ್ಯರ್ಥಿಯ ಮುಂದೆ ಕೂತಾಗ ಸಂದರ್ಶಕರಿಗೆ ಆಗುವ ತೊಂದರೆ ಇದು: ಅವರ ಉತ್ತರಗಳು ಚೆನ್ನಾಗಿರುತ್ತವೆ, ನಿಜಕ್ಕೂ ಚೆನ್ನಾಗಿರುತ್ತವೆ, ಆದರೆ ಚೆನ್ನಾಗಿರುವುದು ಉತ್ತರವೋ ಕೆಲಸವೋ ಎಂದು ಬೇರ್ಪಡಿಸುವ ದಾರಿ ಆ ಕೋಣೆಯೊಳಗೆ ಇರುವುದಿಲ್ಲ. ಇದಕ್ಕಾಗಿ ನಾನು ಎರಡು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲನೆಯದು, ಕೈಕೆಲಸದ ಪರೀಕ್ಷೆ ಮೊದಲು, ಮಾತುಕತೆ ಆಮೇಲೆ. ಎರಡನೆಯದು, ಪರೀಕ್ಷೆಯನ್ನು ನಡೆಸಿ ಅಂಕ ಹಾಕುವುದು ಹಿರಿಯ ಇನ್‌ಸ್ಪೆಕ್ಟರ್. ಅವರು ಸಂದರ್ಶನದಲ್ಲಿ ಕೂರುವುದಿಲ್ಲ, ನಾನು ನನ್ನ ಅಂಕ ಬರೆದು ಮುಗಿಸುವ ತನಕ ಅವರ ಅಂಕ ನೋಡುವುದಿಲ್ಲ. ಉದ್ಯೋಗಕ್ಕೆ ಆಯ್ಕೆ ಮಾಡುವ ವಿಧಾನಗಳ ಬಗ್ಗೆ ದಶಕಗಳ ಸಂಶೋಧನೆಯನ್ನು 1998ರಲ್ಲಿ ಒಟ್ಟುಗೂಡಿಸಿದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್, ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವುದು ಮತ್ತು ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಕೇಳಿ ಅಂಕ ಹಾಕುವುದು, ಅನುಭವದ ವರ್ಷಗಳನ್ನು ಎಣಿಸುವುದಕ್ಕಿಂತ ಬಹಳ ಹೆಚ್ಚು ನಂಬಿಕೆಗೆ ಅರ್ಹ ಎಂದು ತೋರಿಸಿದ್ದರು. ಆ ಅಂಕಿಗಳಲ್ಲಿ ಹಲವನ್ನು 2022ರ ಮರುಪರಿಶೀಲನೆ ಕೆಳಗಿಳಿಸಿತು, ಆದರೂ ಅವೇ ಪ್ರಶ್ನೆಗಳ ಕ್ರಮಬದ್ಧ ಸಂದರ್ಶನ ಮೇಲಿನ ಸ್ಥಾನದಲ್ಲೇ ಉಳಿಯಿತು. ನಮ್ಮಂಥ ಕಾರ್ಖಾನೆಗೆ ಇವೆರಡೂ ದುಬಾರಿಯಲ್ಲ. ಒಂದು ಮೇಜು, ನಾಲ್ಕು ಗೇಜು, ಕೆಲವು ಪೀಸುಗಳು ಸಾಕು.

ಪರೀಕ್ಷೆಗೆ ನಾನು ಇಟ್ಟದ್ದು ಐದು ಉಕ್ಕಿನ ಸ್ಲೀವ್‌ಗಳು, ತೆಳುವಾದ ಗೋಡೆಯವು. ಡ್ರಾಯಿಂಗಿನಲ್ಲಿ ಬೋರ್ 40 ಎಚ್7, ಅಂದರೆ ಒಳವ್ಯಾಸ 40.000 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ, 40.025ನ್ನು ಮೀರುವಂತಿಲ್ಲ. ಕೈಗೆ ಕೊಟ್ಟದ್ದು ಒಂದು ಡಯಲ್ ಬೋರ್ ಗೇಜ್, ಅದನ್ನು ಹೊಂದಿಸಲು 40 ಮಿಲಿಮೀಟರಿನ ಮಾಸ್ಟರ್ ರಿಂಗ್, ಒಂದು ಔಟ್‌ಸೈಡ್ ಮೈಕ್ರೋಮೀಟರ್, ಒಂದು ವರ್ನಿಯರ್, ಗೋ ಮತ್ತು ನೋ-ಗೋ ತುದಿಗಳಿರುವ ಪ್ಲಗ್ ಗೇಜ್; ಒಳ್ಳೆಯ ಬೋರಿನೊಳಗೆ ಗೋ ತುದಿ ಹೋಗಬೇಕು, ನೋ-ಗೋ ತುದಿ ಹೋಗಬಾರದು. ಉಕ್ಕಿನ 40 ಮಿಲಿಮೀಟರ್ ಅಳತೆ 10 ಡಿಗ್ರಿ ಬಿಸಿಯಾದರೆ ನಾಲ್ಕೈದು ಮೈಕ್ರಾನ್ ಹಿಗ್ಗುತ್ತದೆಯಾದ್ದರಿಂದ ಪೀಸು, ಗೇಜು ಎಲ್ಲವನ್ನೂ ಹಿಂದಿನ ರಾತ್ರಿಯಿಂದ ಒಂದೇ ಮೇಜಿನ ಮೇಲೆ ಇಟ್ಟಿದ್ದೆವು. ಅಭ್ಯರ್ಥಿಗಳ ನಡುವೆ ವ್ಯತ್ಯಾಸ ಕಂಡರೆ ಅದು ಅವರದ್ದೇ ಆಗಿರಬೇಕು. ಕೊಟ್ಟ ಸಮಯ 40 ನಿಮಿಷ. ಪ್ರತಿ ಪೀಸನ್ನೂ ಅಳೆದು, ಒಪ್ಪಿಗೆಯೋ ತಿರಸ್ಕಾರವೋ ಬರೆದು, ಕಾರಣ ಹೇಳಬೇಕು. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು.

ನಾಲ್ಕನೆಯ ಪೀಸಿನಲ್ಲಿ ಒಂದು ಗುಟ್ಟಿತ್ತು. ತೆಳುಗೋಡೆಯ ಸ್ಲೀವನ್ನು ಮೂರು ದವಡೆಗಳ ಚಕ್‌ನಲ್ಲಿ ಬಿಗಿಯಾಗಿ ಹಿಡಿದರೆ, ದವಡೆ ಒತ್ತುವ ಮೂರು ಕಡೆ ಗೋಡೆ ಒಳಕ್ಕೆ ಬಾಗುತ್ತದೆ. ಆ ಸ್ಥಿತಿಯಲ್ಲಿ ಟೂಲ್ ಬೋರನ್ನು ಗುಂಡಗೆ ಕೊರೆಯುತ್ತದೆ. ದವಡೆ ಸಡಿಲಿಸಿದಾಗ ಗೋಡೆ ತನ್ನ ಸ್ಥಾನಕ್ಕೆ ಮರಳುತ್ತದೆ. ಗುಂಡಗಿದ್ದ ಬೋರ್ ಮೂರು ಮೂಲೆಗಳು ಉಬ್ಬಿದ ಆಕಾರ ತಳೆಯುತ್ತದೆ. ಕಣ್ಣಿಗೆ ಅದು ಕಾಣಿಸುವುದೇ ಇಲ್ಲ. ತಮಾಷೆಯೆಂದರೆ ಬೋರ್ ಗೇಜ್‌ಗೂ ಅದು ಕಾಣಿಸುವುದಿಲ್ಲ, ಏಕೆಂದರೆ ಆ ಗೇಜ್ ಎದುರುಬದುರಾದ ಎರಡು ಬಿಂದುಗಳ ನಡುವಿನ ದೂರವನ್ನು ಅಳೆಯುತ್ತದೆ, ಮತ್ತು ಮೂರು ಉಬ್ಬಿನ ಆಕಾರದಲ್ಲಿ ಪ್ರತಿ ಉಬ್ಬಿನ ಎದುರಿಗೆ ಒಂದು ತಗ್ಗು ಇರುವುದರಿಂದ ಆ ದೂರ ಎತ್ತ ತಿರುಗಿಸಿದರೂ ಒಂದೇ ಬರುತ್ತದೆ. ನಮ್ಮ ನಾಲ್ಕನೆಯ ಪೀಸಿನ ಬೋರ್ ಗೇಜ್ ಓದು ಎಲ್ಲ ದಿಕ್ಕಿನಲ್ಲೂ 40.008ರ ಆಸುಪಾಸು, ಕಾಗದದ ಮೇಲೆ ಅಪ್ಪಟ ಒಳ್ಳೆಯ ಪೀಸು. ಆದರೆ ಗೋ ಪ್ಲಗ್ ಒಳಗೆ ಹೋಗುವುದಿಲ್ಲ, ಏಕೆಂದರೆ ಆ ಬೋರಿನೊಳಗೆ ನಿಜವಾಗಿ ಕೂರಬಲ್ಲ ದುಂಡು ದಂಡದ ವ್ಯಾಸ 40.000ಕ್ಕಿಂತ ಕಡಿಮೆ. ಗ್ರಾಹಕರ ಶಾಫ್ಟ್ ಕೂಡ ದುಂಡೇ ಆದ್ದರಿಂದ ಪ್ಲಗ್ ಹೇಳುವುದೇ ಇಲ್ಲಿ ಸತ್ಯ. ಇದನ್ನು ಖಚಿತಪಡಿಸಿಕೊಳ್ಳಲು ಮೂರು ಬಿಂದುಗಳ ಬೋರ್ ಮೈಕ್ರೋಮೀಟರ್ ಬೇಕು. ಅದನ್ನು 60 ಡಿಗ್ರಿ ತಿರುಗಿಸಿದರೆ ಓದು ಬದಲಾಗುತ್ತದೆ. ಆ ಉಪಕರಣವನ್ನು ನಾನು ಬೇಕೆಂದೇ ಮೇಜಿನ ಮೇಲೆ ಇಟ್ಟಿರಲಿಲ್ಲ.

ಇಲ್ಲಿ ನಾನು ಹುಡುಕುತ್ತಿದ್ದದ್ದು ಈ ಕಾರಣ ಗೊತ್ತಿದೆಯೇ ಎಂಬುದನ್ನಲ್ಲ. ಅನುಭವವಿರುವ ಅನೇಕರಿಗೂ ಅದು ತಕ್ಷಣ ಹೊಳೆಯುವುದಿಲ್ಲ, ಮತ್ತು ಅದನ್ನು ಕಾಲು ಗಂಟೆಯಲ್ಲಿ ಕಲಿಸಬಹುದು. ಎರಡು ಉಪಕರಣಗಳು ಪರಸ್ಪರ ಒಪ್ಪದೇ ಇದ್ದಾಗ, ಕೇಳಲು ಯಾರೂ ಇಲ್ಲದಿದ್ದಾಗ, ಈ ಮನುಷ್ಯ ಏನು ಮಾಡುತ್ತಾರೆ ಎಂಬುದೇ ನನಗೆ ಬೇಕಾಗಿತ್ತು.

ಹೊಸೂರಿನವರು ಮೊದಲು ಬಂದರು. ಎಲ್ಲ ಗೇಜುಗಳ ಕ್ಯಾಲಿಬ್ರೇಷನ್ ಸ್ಟಿಕ್ಕರ್ ನೋಡಿದರು, ಮಾಸ್ಟರ್ ರಿಂಗಿನಲ್ಲಿ ಬೋರ್ ಗೇಜನ್ನು ಹೊಂದಿಸಿದರು, ಪ್ರತಿ ಬೋರನ್ನೂ ಎರಡು ಆಳದಲ್ಲಿ ಎರಡೆರಡು ದಿಕ್ಕಿನಲ್ಲಿ ಅಳೆದರು. ಸಮಯಕ್ಕೆ ಮೊದಲೇ ಮುಗಿಸಿ, ನಮ್ಮ ಕಾರ್ಖಾನೆಯ ನಮೂನೆಗಿಂತ ಅಚ್ಚುಕಟ್ಟಾದ ವರದಿ ಕೊಟ್ಟರು. ಎರಡನೆಯ ಪೀಸಿನ ಅಂಚಿನಲ್ಲಿ ಉಳಿದಿದ್ದ ಬರ್ ಎಂಬ ಲೋಹದ ಚೂಪು ಎಳೆ ಉದ್ದದ ಓದನ್ನು ಕೆಡಿಸುತ್ತಿದೆ ಎಂಬುದನ್ನೂ ಹಿಡಿದರು. ನಾಲ್ಕನೆಯದಕ್ಕೆ ಪ್ಲಗ್ ಹೋಗಲಿಲ್ಲ. ಒಂದು ಕ್ಷಣ ನಿಂತು, ಬೋರ್ ಗೇಜನ್ನು ಇನ್ನೊಮ್ಮೆ ಹಾಕಿ, ಅದೇ ಓದು ಬಂದಾಗ ಒಪ್ಪಿಗೆ ಎಂದು ಬರೆದರು. ಪಕ್ಕದಲ್ಲಿ ಬರೆದ ಕಾರಣ: ಪ್ಲಗ್ ಗೇಜ್ ಹೌದು-ಇಲ್ಲ ಎಂದಷ್ಟೇ ಹೇಳುತ್ತದೆ, ಬೋರ್ ಗೇಜ್ ನಿಖರ ಅಂಕಿ ಕೊಡುತ್ತದೆ, ಅಂಕಿ ಮಿತಿಯೊಳಗಿದೆ, ಪ್ಲಗ್ ಗೇಜನ್ನು ಮರುಪರಿಶೀಲನೆಗೆ ಕಳುಹಿಸಬೇಕು. ಓದಿದರೆ ಒಪ್ಪಿಕೊಳ್ಳಬೇಕು ಎನಿಸುವ ವಾಕ್ಯ ಅದು. ಆದರೆ ಅದೇ ಪ್ಲಗ್ ಉಳಿದ ಪೀಸುಗಳೊಳಗೆ ಸಲೀಸಾಗಿ ಹೋಗಿತ್ತು, ಅದನ್ನು ಅವರೇ ಕೈಯಾರೆ ಹಾಕಿದ್ದರು.

ಗದಗದವರ ಪರೀಕ್ಷೆ ಮಧ್ಯಾಹ್ನ. ಮಾಸ್ಟರ್ ರಿಂಗನ್ನು ಅವರು ಮುಟ್ಟಲೇ ಇಲ್ಲ. ಮೈಕ್ರೋಮೀಟರನ್ನು 40ಕ್ಕೆ ಇಟ್ಟು, ಅದರ ಎರಡು ಮುಖಗಳ ನಡುವೆ ಬೋರ್ ಗೇಜನ್ನು ಹೊಂದಿಸಿದರು. ಸಣ್ಣ ಶಾಪುಗಳಲ್ಲಿ ರಿಂಗ್ ಇಲ್ಲದ ಕಾರಣ ಎಲ್ಲರೂ ಹೀಗೆಯೇ ಮಾಡುತ್ತಾರೆ, ಆದರೆ ಇದರಲ್ಲಿ ಕೆಲವು ಮೈಕ್ರಾನ್ ಸುಲಭವಾಗಿ ತಪ್ಪುತ್ತದೆ, ಮತ್ತು ಒಟ್ಟು ಮಿತಿಯೇ 25 ಮೈಕ್ರಾನ್ ಇರುವಾಗ ಆ ತಪ್ಪು ಸಣ್ಣದಲ್ಲ. ಬರೆಯುವಾಗ ಒಂದು ಓದನ್ನು ಅದಲುಬದಲು ಮಾಡಿದರು. ಹಾಳೆಯಲ್ಲಿ ಕನ್ನಡವೂ ಇಂಗ್ಲಿಷೂ ಬೆರೆತಿತ್ತು, ಏಕಮಾನಗಳಿರಲಿಲ್ಲ. ಆದರೆ ಬೋರ್ ಗೇಜನ್ನು ಬೋರಿನೊಳಗೆ ಮೆಲ್ಲಗೆ ಆಡಿಸಿ ಮುಳ್ಳು ಹಿಂದಿರುಗುವ ಬಿಂದುವನ್ನು ಹಿಡಿಯುವ ಕೈ ಮಾತ್ರ ಬಹಳ ಚೆನ್ನಾಗಿತ್ತು. ನಾಲ್ಕನೆಯ ಪೀಸಿಗೆ ಪ್ಲಗ್ ಹೋಗದಾಗ ಅವರು ಮಾಡಿದ್ದನ್ನು ಹಿರಿಯ ಇನ್‌ಸ್ಪೆಕ್ಟರ್ ಒಂದೊಂದಾಗಿ ಬರೆದುಕೊಂಡಿದ್ದಾರೆ. ಬೋರನ್ನು ಬಟ್ಟೆಯಿಂದ ಒರೆಸಿದರು. ಅಂಚಿನಲ್ಲಿ ಬರ್ ಇದೆಯೇ ಎಂದು ಉಗುರಿನಿಂದ ನೋಡಿದರು. ಇನ್ನೊಂದು ತುದಿಯಿಂದ ಪ್ಲಗ್ ಹಾಕಿದರು. ಪ್ಲಗ್ಗನ್ನೇ ಮೂರನೆಯ ಪೀಸಿಗೆ ಹಾಕಿ ನೋಡಿದರು, ಹೋಯಿತು. ಬೋರ್ ಗೇಜನ್ನು ಮತ್ತೆ ಹೊಂದಿಸಿ ಮತ್ತೆ ಅಳೆದರು. ಆಮೇಲೆ ಹಿರಿಯರ ಕಡೆ ತಿರುಗಿ, “ಒಳಗ ಹೋಗವಲ್ದು ಸರ್. ಗೇಜ್ ನೋಡಿದ್ರ ಬರೋಬರಿ ತೋರಸತೈತಿ. ಯಾಕಂತ ನನಗ ತಿಳೀವಲ್ದು” ಎಂದರು. ಹಿರಿಯರು ಏನೂ ಹೇಳಲಿಲ್ಲ. ಗದಗದವರು ಹಾಳೆಯಲ್ಲಿ “ಕಾರಣ ಗೊತ್ತಿಲ್ಲ, ಪಕ್ಕಕ್ಕೆ ಇಟ್ಟಿದ್ದೇನೆ” ಎಂದು ಬರೆದು ಐದನೆಯ ಪೀಸಿಗೆ ಹೋದರು. ಅದನ್ನು ಮುಗಿಸುವಷ್ಟರಲ್ಲಿ ಸಮಯ ಮೀರಿತ್ತು.

ಒಟ್ಟು ಅಂಕಗಳಲ್ಲಿ ಹೊಸೂರಿನವರೇ ಮುಂದಿದ್ದರು. ನಾಲ್ಕನೆಯ ಪೀಸು ಒಂದನ್ನು ಬಿಟ್ಟರೆ ಪ್ರತಿ ಸಾಲಿನಲ್ಲೂ ಅವರದ್ದೇ ಉತ್ತಮ ಕೆಲಸ. ಹೀಗಾಗಿ ಒಂದು ಪೀಸಿನ ಆಧಾರದ ಮೇಲೆ ಇನ್ನೊಬ್ಬರನ್ನು ಎತ್ತಿಹಿಡಿಯುವುದು ನ್ಯಾಯವಲ್ಲ ಎನಿಸಿತು. ಹಸಿಯಾಗಿರುವವರನ್ನು ಕಂಡಾಗ ಮನಸ್ಸು ಮರುಗುವುದೂ ಉಂಟು, ಅದರಲ್ಲೂ ಸಣ್ಣ ಊರಿನಿಂದ ಬಂದು ಸಂಕೋಚದಿಂದ ಕೂತವರನ್ನು ಕಂಡಾಗ. ಆ ಮರುಕವನ್ನು ಭರವಸೆ ಎಂದು ಓದಿಕೊಳ್ಳುವ ಅಪಾಯವಿದೆ. ಭರವಸೆ ಇದೆ ಎಂದರೆ ಕಲಿಸಿದರೆ ಕಲಿಯುತ್ತಾರೆ ಎಂದರ್ಥ. ಅದನ್ನು ಊಹಿಸುವ ಬದಲು ಕಲಿಸಿಯೇ ನೋಡಬಹುದು.

ಮರುದಿನ ಇಬ್ಬರಿಗೂ ಬೇರೆಬೇರೆಯಾಗಿ, ಆದರೆ ಒಂದೇ ರೀತಿಯಲ್ಲಿ, ಹಿರಿಯ ಇನ್‌ಸ್ಪೆಕ್ಟರ್ 15 ನಿಮಿಷ ಪಾಠ ಮಾಡಿದರು: ಚಕ್ ದವಡೆಯ ಒತ್ತಡ, ಮೂರು ಉಬ್ಬು, ಎರಡು ಬಿಂದುವಿನ ಅಳತೆಗೆ ಅದು ಏಕೆ ಸಿಗುವುದಿಲ್ಲ ಎಂಬುದು. ಆಮೇಲೆ ಬೇರೆಯದೇ ಸಮಸ್ಯೆ ಕೊಟ್ಟೆವು. ಸೆಂಟರ್‌ಲೆಸ್ ಗ್ರೈಂಡಿಂಗ್‌ನಲ್ಲಿ ತಯಾರಾದ ಮೂರು ಪಿನ್‌ಗಳು. ಮೈಕ್ರೋಮೀಟರ್ ಮೂರನ್ನೂ ಒಪ್ಪುತ್ತದೆ, ರಿಂಗ್ ಗೇಜ್‌ನೊಳಗೆ ಒಂದು ಹೋಗುವುದಿಲ್ಲ. ಮೇಜಿನ ಮೇಲೆ ಒಂದು ವಿ-ಬ್ಲಾಕ್, ಸ್ಟ್ಯಾಂಡಿನಲ್ಲಿ ಒಂದು ಡಯಲ್ ಇಟ್ಟಿದ್ದೆವು. ಪಾಠದಲ್ಲಿದ್ದದ್ದು ಬೋರ್, ಇಲ್ಲಿರುವುದು ಹೊರಮೈ. ಪಾಠದಲ್ಲಿ ಚಕ್ ಇತ್ತು, ಇಲ್ಲಿ ಚಕ್ಕೇ ಇಲ್ಲ. ಕೇಳಿದ್ದನ್ನು ಒಪ್ಪಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ, ತಿಳಿದುಕೊಂಡವರು ದಾಟುತ್ತಾರೆ.

ಹೊಸೂರಿನವರು ಬಹಳ ಬೇಗ ದಾಟಿದರು. ಪಿನ್ನನ್ನು ವಿ-ಬ್ಲಾಕ್ ಮೇಲಿಟ್ಟು, ಡಯಲ್ ಮುಟ್ಟಿಸಿ, ಮೆಲ್ಲಗೆ ತಿರುಗಿಸಿ, ಒಂದು ಸುತ್ತಿನಲ್ಲಿ ಮುಳ್ಳು ಮೂರು ಸಲ ಏರಿಳಿಯುವುದನ್ನು ತೋರಿಸಿದರು. ಹಿಂದಿನ ದಿನದ ನಾಲ್ಕನೆಯ ಪೀಸನ್ನು ತಾವು ಒಪ್ಪಬಾರದಿತ್ತು ಎಂದು ಅವರೇ ಹೇಳಿದರು. ಗದಗದವರಿಗೆ ಸಮಯ ಹೆಚ್ಚು ಹಿಡಿಯಿತು, ವಿ-ಬ್ಲಾಕ್ ಕಡೆ ಒಂದು ಸುಳಿವನ್ನೂ ಕೊಡಬೇಕಾಯಿತು, ಆದರೆ ಮುಳ್ಳಿನ ಏರಿಳಿತ ಕಂಡ ಕೂಡಲೇ ಅವರು ಹಿರಿಯರನ್ನು ಒಂದು ಪ್ರಶ್ನೆ ಕೇಳಿದರು: ಈ ಪಿನ್ನನ್ನು ಯಾವ ದವಡೆಯೂ ಹಿಡಿದಿಲ್ಲವಲ್ಲ, ಹಾಗಾದರೆ ಇದಕ್ಕೆ ಮೂರು ಉಬ್ಬು ಎಲ್ಲಿಂದ ಬಂತು? ಇದಕ್ಕೆ ಉತ್ತರ ಸೆಂಟರ್‌ಲೆಸ್ ಗ್ರೈಂಡಿಂಗ್‌ನ ಸೆಟ್ಟಿಂಗ್‌ನಲ್ಲಿದೆ. ಪಿನ್ ತನ್ನದೇ ಮೈಯ ಮೇಲೆ ಆತು ತಿರುಗುವುದರಿಂದ ಒಂದು ಕಡೆಯ ಉಬ್ಬು ಇನ್ನೊಂದು ಕಡೆ ತಗ್ಗಾಗಿ ಮೂಡುತ್ತದೆ, ಪಿನ್ನಿನ ಎತ್ತರವನ್ನು ಸರಿಹೊಂದಿಸದಿದ್ದರೆ ಆ ದೋಷ ಅಳಿಯುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದವರು ಪಾಠದ ಕಾರಣ ಇಲ್ಲಿ ಸಲ್ಲುವುದಿಲ್ಲ ಎಂದು ಗಮನಿಸಿದ್ದರು. ಒಟ್ಟಿನಲ್ಲಿ ಇಬ್ಬರೂ ಕಲಿಯಬಲ್ಲರು ಎಂಬುದು ಖಚಿತವಾಯಿತು. ವೇಗದಲ್ಲಿ ಹೊಸೂರಿನವರೇ ಮುಂದೆ. ಈ ಪರೀಕ್ಷೆ ತೀರ್ಮಾನವನ್ನು ಸುಲಭ ಮಾಡಲಿಲ್ಲ, ಆದರೆ ಗದಗದವರ ಬಗ್ಗೆ ಇದ್ದದ್ದು ಬರೀ ಮರುಕವಲ್ಲ ಎಂಬುದಕ್ಕೆ ಆಧಾರ ಕೊಟ್ಟಿತು.

ಹಿರಿಯರ ಅಂಕ ನೋಡುವ ಮೊದಲೇ ನಾನು ಮುಗಿಸಿದ್ದ ಸಂದರ್ಶನದಲ್ಲಿ ಇಬ್ಬರಿಗೂ ಅವೇ ಪ್ರಶ್ನೆಗಳು, ಭಾಷೆ ಅವರವರ ಇಷ್ಟ. ಎಲ್ಲವನ್ನೂ ಬರೆಯುವ ಅಗತ್ಯವಿಲ್ಲ. ತೂಕದ ಪ್ರಶ್ನೆ ಒಂದೇ. “ನೀವು ನಿಲ್ಲಿಸಿದ ಒಂದು ಲಾಟ್ ಬಗ್ಗೆ ಹೇಳಿ” ಎಂದು ಕೇಳಿದೆ. “ಲಾರಿ ಕಾಯುತ್ತಿದ್ದರೆ ಏನು ಮಾಡುತ್ತೀರಿ” ಎಂದು ಕೇಳಿದರೆ ಎಲ್ಲರೂ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ನಡೆದುಹೋದದ್ದನ್ನು ಕೇಳಿದರೆ ವಿವರ ಇರಬೇಕಾಗುತ್ತದೆ. ಹೊಸೂರಿನವರು ತಮ್ಮ ಕಾರ್ಖಾನೆಯಲ್ಲಿ ಅನುಮಾನದ ಲಾಟನ್ನು ಹೇಗೆ ಕೆಂಪು ಚೀಟಿ ಹಚ್ಚಿ ಬೇರ್ಪಡಿಸುತ್ತಾರೆ, ಯಾರಿಗೆ ತಿಳಿಸುತ್ತಾರೆ, ಗ್ರಾಹಕರಿಂದ ವಿನಾಯಿತಿ ಪತ್ರ ಹೇಗೆ ಪಡೆಯುತ್ತಾರೆ ಎಂದು ಸೊಗಸಾಗಿ ವಿವರಿಸಿದರು. ಅವರ ಪ್ರತಿ ವಾಕ್ಯದ ಕರ್ತೃ “ನಾವು” ಆಗಿತ್ತು. “ಅಲ್ಲಿ ನೀವು ಏನು ಮಾಡಿದಿರಿ” ಎಂದು ಮತ್ತೆ ಕೇಳಿದಾಗ ಅವರು ನೇರವಾಗಿಯೇ ಹೇಳಿದರು: ಸೀನಿಯರ್ ಇಂಜಿನಿಯರ್‌ಗೆ ತಿಳಿಸುತ್ತಿದ್ದೆ, ನಿರ್ಧಾರ ಅವರದ್ದು. ಗದಗದವರು ತಡವರಿಸುತ್ತಾ ಒಂದು ಘಟನೆ ಹೇಳಿದರು. ಟ್ರ್ಯಾಕ್ಟರ್ ಪಿನ್ನಿನ ತೂತಿನ ಸ್ಥಾನ ಸರಿಯುತ್ತಿದೆ ಎನಿಸಿ ಡ್ರಿಲ್ಲಿಂಗ್ ಮಷೀನ್ ನಿಲ್ಲಿಸಿದ್ದರು, ಮಾಲೀಕರು ಬೈದಿದ್ದರು, ಡ್ರಿಲ್ಲಿಗೆ ದಾರಿ ತೋರುವ ಜಿಗ್‌ನ ಬುಶ್ ಸವೆದದ್ದು ನಿಜವೆಂದು ಆಮೇಲೆ ತಿಳಿಯಿತು. ಇನ್ನೊಮ್ಮೆ ಹಾಗೆಯೇ ನಿಲ್ಲಿಸಿದಾಗ ತಪ್ಪು ತಮ್ಮದೇ ಆಗಿತ್ತು ಎಂಬುದನ್ನೂ ಕೇಳದೆಯೇ ಸೇರಿಸಿದರು. ತಯಾರಿಕೆ ಮಿತಿಯೊಳಗೆ ಎಷ್ಟು ಸ್ಥಿರವಾಗಿದೆ ಎಂದು ತೋರಿಸುವ ಸಿಪಿ, ಸಿಪಿಕೆ ಲೆಕ್ಕಗಳ ಬಗ್ಗೆ ಕೇಳಿದ್ದಕ್ಕೆ ಗೊತ್ತಿಲ್ಲ ಎಂದರು.

ಹೊಸೂರಿನವರು ಸೂಚಿಸಿದ್ದ ಅವರ ಹಿಂದಿನ ಮೇಲ್ವಿಚಾರಕರಿಗೆ, ಅವರ ಒಪ್ಪಿಗೆ ಪಡೆದು, ಫೋನ್ ಮಾಡಿದೆ. “ಹುಡುಗ ಹೇಗೆ” ಎಂದು ಕೇಳಿದರೆ “ಒಳ್ಳೆಯವನು” ಎಂಬ ಉತ್ತರವೇ ಸಿಗುವುದರಿಂದ, ಯಾವ ಕೆಲಸವನ್ನು ಅವರಿಗೆ ಕಣ್ಣುಮುಚ್ಚಿ ಒಪ್ಪಿಸುತ್ತಿದ್ದಿರಿ, ಯಾವುದನ್ನು ನೀವೇ ಇನ್ನೊಮ್ಮೆ ನೋಡುತ್ತಿದ್ದಿರಿ ಎಂದು ಕೇಳಿದೆ. ಆಡಿಟ್‌ನ ಎಲ್ಲ ಫೈಲುಗಳನ್ನು ಕಣ್ಣುಮುಚ್ಚಿ ಒಪ್ಪಿಸುತ್ತಿದ್ದೆ ಎಂದರು. ಲಾಟ್ ಬಿಡುವ ನಿರ್ಧಾರ ಮಾತ್ರ ಆ ಮಟ್ಟದಲ್ಲಿ ಯಾರಿಗೂ ಇರಲಿಲ್ಲವಂತೆ. ನನಗೆ ಈ ಮಾತು ಬಹಳ ಮುಖ್ಯವಾಗಿ ಕಂಡಿತು. ಹೊಸೂರಿನವರಿಗೆ ಧೈರ್ಯ ಕಡಿಮೆ ಎಂದಾಗಲಿ, ಗುಣದಲ್ಲಿ ಕೊರತೆ ಎಂದಾಗಲಿ ಹೇಳಲು ಆಧಾರವಿರಲಿಲ್ಲ. ದೊಡ್ಡ ಕಾರ್ಖಾನೆಯ ವ್ಯವಸ್ಥೆ ಅವರಿಂದ ಆ ನಿರ್ಧಾರವನ್ನು ಎಂದೂ ಕೇಳಿರಲಿಲ್ಲ. ಸಣ್ಣ ಶಾಪಿನ ಕೊರತೆಗಳು ಗದಗದವರಿಂದ ಅದನ್ನೇ ದಿನವೂ ಕೇಳಿದ್ದವು, ಮತ್ತು ಮಾಸ್ಟರ್ ರಿಂಗ್‌ನಂಥ ಮೂಲಭೂತ ವಸ್ತುವನ್ನು ಅವರ ಕೈಗೆ ಕೊಟ್ಟಿರಲಿಲ್ಲ.

ಆಮೇಲೆ ನಾನು ಇಬ್ಬರ ಕೊರತೆಗಳನ್ನೂ ಎದುರುಬದುರು ಬರೆದು, ಪ್ರತಿಯೊಂದರ ಮುಂದೆ ಕಲಿಸುವವರು ಯಾರು, ಎಷ್ಟು ಸಮಯ ಬೇಕು, ಕಲಿಯುವ ತನಕ ಆಗಬಹುದಾದ ನಷ್ಟ ಏನು ಎಂದು ತುಂಬಿದೆ. ಗದಗದವರ ಪಟ್ಟಿ ಉದ್ದವಾಗಿತ್ತು. ಗೇಜ್ ಹೊಂದಿಸುವ ಕ್ರಮಕ್ಕೆ ಒಂದು ವಾರ, ಡ್ರಾಯಿಂಗಿನಲ್ಲಿ ಸ್ಥಾನ ಮತ್ತು ಆಕಾರದ ಚಿಹ್ನೆಗಳನ್ನು ಓದಲು ಸುಮಾರು ಒಂದು ತಿಂಗಳು, ವರದಿ ಬರೆಯಲು ಎರಡು ತಿಂಗಳು, ಸಿಪಿಕೆ ಲೆಕ್ಕಕ್ಕೆ ಸದ್ಯ ಅವಸರವಿಲ್ಲ. ಇವೆಲ್ಲವೂ ನಮ್ಮ ಹಿರಿಯ ಇನ್‌ಸ್ಪೆಕ್ಟರ್ ಕಲಿಸಬಲ್ಲ ವಿಷಯಗಳು, ಮತ್ತು ಪ್ರತಿಯೊಂದನ್ನೂ ಕಲಿತರೇ ಇಲ್ಲವೇ ಎಂದು ಪೀಸು ಕೊಟ್ಟು ಪರೀಕ್ಷಿಸಬಹುದು. ಹೊಸೂರಿನವರ ಪಟ್ಟಿಯಲ್ಲಿ ಒಂದೇ ಸಾಲು: ಪುರಾವೆಗಳು ಒಪ್ಪದಿದ್ದಾಗ ಒಬ್ಬರೇ ನಿಲ್ಲಿಸುವುದು. ಅದನ್ನು ಕಲಿಸುವುದು ಹೇಗೆ ಎಂದು ನನಗೆ ಆ ಖಾನೆಯಲ್ಲಿ ಏನೂ ಬರೆಯಲಾಗಲಿಲ್ಲ. ಅವರನ್ನು ಒಂದಷ್ಟು ತಿಂಗಳು ಮೊದಲ ಶಿಫ್ಟಿನಲ್ಲಿ ಹಿರಿಯರ ಪಕ್ಕ ಇಡಬಹುದಿತ್ತು, ಆದರೆ ಹಿರಿಯರು ಪಕ್ಕದಲ್ಲಿರುವಾಗ ಆ ಪರಿಸ್ಥಿತಿಯೇ ಹುಟ್ಟುವುದಿಲ್ಲ. ಹೊಸೂರಿನವರು ಕೇಳಿದ್ದ ಸಂಬಳ ಸುಮಾರು ಒಂದೂವರೆ ಪಟ್ಟು ಇತ್ತು. ಆ ವ್ಯತ್ಯಾಸವನ್ನು ನಾನು ಉಳಿತಾಯ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ, ಏಕೆಂದರೆ ಹಿರಿಯರು ಕಲಿಸಲು ಕಳೆಯುವ ಗಂಟೆಗಳು ಅದರ ಬಹುಪಾಲನ್ನು ತಿನ್ನುತ್ತವೆ.

ಗದಗದವರನ್ನು ಆರಿಸಿದೆ. ಆದರೆ ಷರತ್ತುಗಳೊಂದಿಗೆ ಆರಿಸಿದೆ, ಮತ್ತು ಅವನ್ನು ಕೆಲಸದ ಪತ್ರದ ಜೊತೆಗೇ ಕನ್ನಡದಲ್ಲಿ ಬರೆದು ಕೊಟ್ಟೆ. ಮೊದಲ ಆರು ವಾರ ಅವರು ಮೊದಲ ಶಿಫ್ಟಿನಲ್ಲಿ ಕೆಲಸ ಮಾಡಬೇಕು. ಒಬ್ಬರೇ ಸಹಿ ಹಾಕುವಂತಿಲ್ಲ. ಪ್ರತಿ ಶುಕ್ರವಾರ ಹಿರಿಯರು ಗುಟ್ಟಿರುವ ಒಂದು ಪೀಸನ್ನು ಅವರ ಮೇಜಿನ ಮೇಲಿಡುತ್ತಾರೆ. ತಪ್ಪಿದರೆ ತೊಂದರೆಯಿಲ್ಲ, ಅದೇ ಬಗೆಯ ತಪ್ಪು ಮೂರು ಸಲ ಬಂದರೆ ಕೂತು ಮಾತನಾಡುತ್ತೇವೆ. ಓದದ ಅಳತೆಯನ್ನು ಓದಿದಂತೆ ಬರೆದರೆ ಮಾತ್ರ ಅಂದೇ ಕೆಲಸ ಮುಗಿಯುತ್ತದೆ. ಈ ಕೊನೆಯದನ್ನು ಕಂಡುಹಿಡಿಯುವುದು ಕಷ್ಟವಲ್ಲ: ನಿಜವಾದ ಓದುಗಳು ಒಂದರಿಂದ ಒಂದಕ್ಕೆ ಅಷ್ಟಿಷ್ಟು ಚದುರಿರುತ್ತವೆ, ಮೇಜಿನ ಮೇಲೆ ಕೂತು ಬರೆದವು ಒಂದೇ ಸಮನಾಗಿರುತ್ತವೆ ಅಥವಾ ಕೊನೆಯ ಅಂಕಿ ಸೊನ್ನೆ, ಐದರಲ್ಲೇ ನಿಲ್ಲುತ್ತದೆ.

ಹೊಸೂರಿನವರಿಗೆ ನಾನೇ ಫೋನ್ ಮಾಡಿ ಕಾರಣ ಹೇಳಿದೆ. ಅವರ ಕೆಲಸ ಚೆನ್ನಾಗಿತ್ತು, ಈ ಹುದ್ದೆಗೆ ಒಬ್ಬರೇ ನಿರ್ಧರಿಸುವ ಅಭ್ಯಾಸ ಬೇಕಿತ್ತು, ನಾಲ್ಕನೆಯ ಪೀಸಿನಲ್ಲಿ ಅದು ಕಾಣಲಿಲ್ಲ ಎಂದೆ. ಗ್ರಾಹಕರ ಗುಣಮಟ್ಟದ ಹುದ್ದೆಗೆ ಅರ್ಜಿ ಹಾಕಿದರೆ ಅವರ ಬಲ ಪೂರ್ತಿ ಉಪಯೋಗಕ್ಕೆ ಬರುತ್ತದೆ ಎಂದೂ ಹೇಳಿದೆ. ಅದು ಸಮಾಧಾನದ ಮಾತಾಗಿರಲಿಲ್ಲ. ಆದರೆ ಅಂಥ ಹುದ್ದೆ ನಮ್ಮಲ್ಲಿ ಆಗ ಇರಲಿಲ್ಲ. ಮುಂದೆ ಅದು ಬಂದಾಗ ಅವರು ಬೇರೆ ಕಡೆ ಸೇರಿಯಾಗಿತ್ತು.

ಗದಗದವರ ಮೊದಲ ತಿಂಗಳು ಪ್ರೊಡಕ್ಷನ್‌ನವರ ತಾಳ್ಮೆಯನ್ನು ಪರೀಕ್ಷಿಸಿತು. ಅವರು ಪಕ್ಕಕ್ಕಿಟ್ಟ ಪೀಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಯಾಗಿಯೇ ಇದ್ದವು. ಇದು ಬರುತ್ತದೆ ಎಂದು ಗೊತ್ತಿದ್ದರಿಂದ, ನಿಲ್ಲಿಸಿದ್ದೆಲ್ಲವನ್ನೂ ಒಂದು ರಿಜಿಸ್ಟರಿನಲ್ಲಿ ಬರೆದು ಪಕ್ಕದಲ್ಲಿ ಕೊನೆಗೆ ತಿಳಿದ ಸತ್ಯವನ್ನೂ ಬರೆಸುತ್ತಿದ್ದೆ. ಹಿರಿಯರು ಆ ರಿಜಿಸ್ಟರನ್ನು ಹಿಡಿದು, “ನೋಡಪ್ಪ, ನಿಲ್ಲಿಸಿದ್ದು ತಪ್ಪಲ್ಲ. ಆದರೆ ನಿಲ್ಲಿಸುವ ಮೊದಲು ಗೇಜನ್ನು ರಿಂಗಿಗೆ ಹಾಕಿ ನೋಡಿದೆಯಾ?” ಎಂದು ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದರು. ಎರಡನೆಯ ತಿಂಗಳಲ್ಲಿ ತಪ್ಪು ನಿಲುಗಡೆಗಳು ಬಹಳ ಇಳಿದವು. ಆರು ವಾರ ಎಂದುಕೊಂಡದ್ದು ಎಂಟು ವಾರಗಳ ಮೇಲಾಯಿತು; ಚಿಹ್ನೆಗಳನ್ನು ಓದುವುದು ನಾನು ಅಂದುಕೊಂಡದ್ದಕ್ಕಿಂತ ನಿಧಾನವಾಗಿ ಬಂತು. ಇಂಗ್ಲಿಷ್ ವರದಿ ಇಂದಿಗೂ ಅವರಿಗೆ ಸಲೀಸಲ್ಲ, ಗ್ರಾಹಕರಿಗೆ ಹೋಗುವ ದೂರಿನ ಉತ್ತರಗಳನ್ನು ನಾನೇ ಬರೆಯುತ್ತೇನೆ. ಎರಡನೆಯ ಶಿಫ್ಟಿನಲ್ಲಿ ಅವರು ಒಬ್ಬರೇ ನಿಂತ ಮೇಲೆ ಒಂದು ಸಂಜೆ ಹೊಸ ಸೆಟ್ಟರ್ ಒಬ್ಬರು ಚಕ್ ಒತ್ತಡ ಏರಿಸಿ ಓಡಿಸಿದ ಸ್ಲೀವ್‌ಗಳನ್ನು ಫಸ್ಟ್ ಪೀಸ್‌ನಲ್ಲೇ ತಡೆದರು. ಅಂದು ಮೂರು ಬಿಂದುವಿನ ಮೈಕ್ರೋಮೀಟರ್ ಅವರ ಕೈಯಲ್ಲಿತ್ತು, ಕಾರಣವನ್ನೂ ರಿಜಿಸ್ಟರಿನಲ್ಲಿ ಬರೆದಿದ್ದರು.

ಇದೇ ಲೆಕ್ಕ ಎಲ್ಲ ಹುದ್ದೆಗೂ ಇದೇ ಉತ್ತರ ಕೊಡುವುದಿಲ್ಲ. ಹಿರಿಯ ಇನ್‌ಸ್ಪೆಕ್ಟರ್ ನಿವೃತ್ತರಾದ ಮೇಲೆ ಕಂಪ್ಯೂಟರ್ ನೆರವಿನಿಂದ ಅಳತೆ ತೆಗೆಯುವ ಸಿಎಂಎಂ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವವರು ಬೇಕಾದರು. ಮತ್ತೆ ಅಂಥದ್ದೇ ಇಬ್ಬರು ಎದುರಿಗೆ ಬಂದರು, ಕಲಿಸಿ ನೋಡುವ ಪರೀಕ್ಷೆಯಲ್ಲಿ ಹಸಿಯಾಗಿದ್ದವರು ನಿಜಕ್ಕೂ ಚೆನ್ನಾಗಿ ಮಾಡಿದರು. ಆದರೆ ನನ್ನ ಹಾಳೆಯಲ್ಲಿ “ಕಲಿಸುವವರು ಯಾರು” ಎಂಬ ಖಾನೆ ಖಾಲಿ ಉಳಿಯಿತು. ಆ ಯಂತ್ರವನ್ನು ನಮ್ಮಲ್ಲಿ ಬೇರೆ ಯಾರೂ ಬಲ್ಲವರಿರಲಿಲ್ಲ, ನನಗೂ ಅದರ ಮೇಲ್ಮೈ ಜ್ಞಾನವಷ್ಟೇ ಇದೆ. ಆ ಸಲ ಪಳಗಿದವರನ್ನೇ ಆರಿಸಿದೆ, ಮತ್ತು ಇನ್ನೊಬ್ಬರಿಗೆ ಫೋನ್ ಮಾಡಿ, ಅವರಿಗೆ ಕಲಿಸಬಲ್ಲವರು ಈಗ ನಮ್ಮಲ್ಲಿಲ್ಲ ಎಂಬ ಕಾರಣವನ್ನೇ ಹೇಳಿದೆ.